ಆಫೀಸ್ ಗ್ರೂಪಿನಲ್ಲಿ ಅವಮಾನ: ಇಡೀ ಮಾತುಕತೆ ಉಳಿಸಿಕೊಳ್ಳುವುದು ಹೇಗೆ?

ಬೆಂಗಳೂರಿನ ಪೀಣ್ಯದಲ್ಲಿ ಒಂದು ಗೋದಾಮು ಇದೆ ಎಂದುಕೊಳ್ಳಿ. ಅಲ್ಲಿ ಕೆಲಸ ಮಾಡುವ ಹತ್ತೊಂಬತ್ತು ಜನರಿಗೆ ಒಂದು ವಾಟ್ಸ್‌ಆ್ಯಪ್ ಗ್ರೂಪ್. ಅದರ ಅಡ್ಮಿನ್ ಗೋದಾಮಿನ ಮ್ಯಾನೇಜರ್. ಯಾವ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ, ನಾಳೆ ಯಾರಿಗೆ ಯಾವ ಶಿಫ್ಟ್, ಯಾರು ರಜೆ ಎಂಬುದೆಲ್ಲ ತಿಳಿಯುವುದು ಆ ಗ್ರೂಪಿನಲ್ಲೇ. ಕಲಬುರಗಿ ಕಡೆಯಿಂದ ಬಂದ ಸೂಪರ್‌ವೈಸರ್ ಒಬ್ಬರು ಜೂನ್ 3ರ ಬೆಳಿಗ್ಗೆ ಅದರಲ್ಲಿ ಹೀಗೆ ಬರೆಯುತ್ತಾರೆ: ‘ಗಾಡಿ ಬಂದದ್ರಿ ಸರ್, ಮಾಲ್ ಇಳಸ್ಲಕತ್ತಾರ.’ ಮ್ಯಾನೇಜರ್ ಉತ್ತರ: ‘ಇದನ್ನ ಯಾರಾದ್ರೂ ಕನ್ನಡಕ್ಕೆ ಟ್ರಾನ್ಸ್‌ಲೇಟ್ ಮಾಡ್ರಪ್ಪಾ.’ ಅದರ ಕೆಳಗೆ ಆರು ಜನ ನಗುವ ಇಮೋಜಿ ಒತ್ತುತ್ತಾರೆ.

ಮುಂದಿನ ವಾರ ಆ ಸೂಪರ್‌ವೈಸರ್ ಊಟ ಮಾಡುತ್ತಿದ್ದ ಫೋಟೊ ಒಂದು ಸ್ಟಿಕರ್ ಆಗಿ ಗ್ರೂಪಿಗೆ ಬರುತ್ತದೆ. ಅವರು ಏನು ಬರೆದರೂ ಮ್ಯಾನೇಜರ್ ಆ ಸ್ಟಿಕರ್ ಹಾಕುವುದು ರೂಢಿಯಾಗುತ್ತದೆ. ಜುಲೈ 8ರ ರಾತ್ರಿ, ಮತ್ತೆ ಮತ್ತೆ ತನಗೇ ನೈಟ್ ಶಿಫ್ಟ್ ಯಾಕೆ ಎಂದು ಅವರು ಕೇಳುತ್ತಾರೆ. ‘ಮೊದಲು ಮಾತಾಡೋದು ಕಲಿತುಕೊಂಡು ಬಾ, ಆಮೇಲೆ ಶಿಫ್ಟ್ ಕೇಳು’ ಎಂದು ಮ್ಯಾನೇಜರ್ ಬರೆಯುತ್ತಾರೆ. ಸೂಪರ್‌ವೈಸರ್‌ಗೆ ತಡೆಯಲಾಗುವುದಿಲ್ಲ. ‘ಬಾಯಿ ಬಿಗಿ ಹಿಡದು ಮಾತಾಡ್ರಿ’ ಎಂದು ತಿರುಗಿಸಿ ಹೇಳುತ್ತಾರೆ. ಮ್ಯಾನೇಜರ್ ತಮ್ಮ ಸಾಲನ್ನು ಅಳಿಸಿ, ಎಂಟು ನಿಮಿಷದ ನಂತರ ಅವರನ್ನು ಗ್ರೂಪಿನಿಂದ ತೆಗೆದುಹಾಕುತ್ತಾರೆ. ಮರುದಿನದ ಶಿಫ್ಟ್ ಬದಲಾವಣೆಯ ಪಟ್ಟಿ ಅದೇ ಗ್ರೂಪಿನಲ್ಲಿ ಬರುತ್ತದೆ. ಅದನ್ನು ನೋಡಲು ಸಾಧ್ಯವಿಲ್ಲದ ಸೂಪರ್‌ವೈಸರ್ ಹಳೆಯ ಸಮಯಕ್ಕೇ ಬರುತ್ತಾರೆ. ‘ತಿಳಿಸಿದರೂ ಹಾಜರಾಗಿಲ್ಲ’ ಎಂಬ ಮೆಮೊ ಕೈಗೆ ಬರುತ್ತದೆ.

ಈ ಘಟನೆ ಉದಾಹರಣೆಗಾಗಿ ಹೆಣೆದದ್ದು. ಆದರೆ ಆಫೀಸ್ ಗ್ರೂಪುಗಳಲ್ಲಿ ಅವಮಾನ ನಡೆಯುವ ಕ್ರಮ ಬಹುಮಟ್ಟಿಗೆ ಇದೇ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದನ್ನೂ ‘ತಮಾಷೆಗೆ ಅಂದದ್ದು’ ಎಂದು ತಳ್ಳಿಹಾಕಬಹುದು. ಒಂದು ಸ್ಟಿಕರ್‌ಗೆ ಯಾರೂ ವಿಚಾರಣೆ ನಡೆಸುವುದಿಲ್ಲ. ಅದೇ ಸ್ಟಿಕರ್ ನಾಲ್ಕು ವಾರ ಒಬ್ಬನೇ ವ್ಯಕ್ತಿಯ ಮಾತಿಗೆ, ಒಬ್ಬನೇ ಮೇಲಧಿಕಾರಿಯಿಂದ ಬಂದಿದೆ, ಕೊನೆಗೆ ಆ ವ್ಯಕ್ತಿಯನ್ನು ಹೊರಗಿಟ್ಟು ಮೆಮೊ ಕೊಡಲಾಗಿದೆ ಎಂದು ತೋರಿಸಿದರೆ ಮಾತ್ರ ಅದು ಕಿರುಕುಳವೆಂದು ಕಾಣುತ್ತದೆ. ನೊಂದವರು ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಟ್ಟ ಸಾಲಿನ ಎರಡು ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಸಿಟ್ಟಿನಲ್ಲಿ ಗ್ರೂಪನ್ನು ಡಿಲೀಟ್ ಮಾಡಿಬಿಡುತ್ತಾರೆ. ಅಲ್ಲಿಗೆ ಅವರ ಕೈಯಲ್ಲಿದ್ದ ಬಲವಾದ ಪುರಾವೆ ಹೋಯಿತು.

ಸೂಪರ್‌ವೈಸರ್ ಫೋನಿನಲ್ಲಿ ಆ ರಾತ್ರಿಯ ದಾಖಲೆ ಹೇಗೆ ಉಳಿದಿರುತ್ತದೆ ನೋಡಿ. ಆಂಡ್ರಾಯ್ಡ್ ಫೋನಿನಿಂದ ಚಾಟನ್ನು ಹೊರತೆಗೆದರೆ ಸಾಲುಗಳು ಸುಮಾರಾಗಿ ಹೀಗಿರುತ್ತವೆ:

```
08/07/25, 9:28 pm - ಸೂಪರ್‌ವೈಸರ್: ಸರ್ ಮತ್ತ ನನಗೇ ನೈಟ್ ಯಾಕ್ರಿ?
08/07/25, 9:31 pm - ಮ್ಯಾನೇಜರ್: This message was deleted
08/07/25, 9:34 pm - ಸೂಪರ್‌ವೈಸರ್: ಬಾಯಿ ಬಿಗಿ ಹಿಡದು ಮಾತಾಡ್ರಿ
08/07/25, 9:42 pm - ಮ್ಯಾನೇಜರ್ removed you
```

ಈ ನಾಲ್ಕು ಸಾಲನ್ನಷ್ಟೇ ನೋಡಿದವರಿಗೆ ಬಾಯಿ ಬಿಟ್ಟವನು ಸೂಪರ್‌ವೈಸರ್ ಎಂದೇ ಅನಿಸುತ್ತದೆ. ಆದರೂ 9:31ಕ್ಕೆ ಮ್ಯಾನೇಜರ್ ಏನೋ ಹೇಳಿ ಅಳಿಸಿದ್ದಾರೆ, ಅದಾದ ಮೂರು ನಿಮಿಷಕ್ಕೆ ಇವರು ಸಿಟ್ಟಾಗಿದ್ದಾರೆ ಎಂಬ ಗುರುತು ಉಳಿದಿದೆ. ಹಿಂದಿನ ಐದು ವಾರದ ಸಾಲುಗಳನ್ನು ಇದರ ಮೇಲೆ ಇಟ್ಟರೆ ಅಳಿಸಿದ ಸಾಲು ಎಂಥದ್ದಿರಬಹುದು ಎಂದು ವಿಚಾರಣೆ ಮಾಡುವವರು ಕೇಳಲೇಬೇಕಾಗುತ್ತದೆ. ತನ್ನ ಸಿಟ್ಟಿನ ಸಾಲು ತನಗೇ ಕೆಟ್ಟ ಹೆಸರು ತರುತ್ತದೆಂದು ಸೂಪರ್‌ವೈಸರ್ ಅದನ್ನು ಕತ್ತರಿಸಿ ಕೊಟ್ಟರೆ, ಮ್ಯಾನೇಜರ್ ಅದೇ ಸಾಲನ್ನು ತಂದು ತೋರಿಸುತ್ತಾರೆ. ಆಮೇಲೆ ಉಳಿದ ಪುರಾವೆಯನ್ನೂ ಯಾರೂ ನಂಬುವುದಿಲ್ಲ. ನಮ್ಮ ತಪ್ಪು ಮಾತುಗಳೂ ಸೇರಿದಂತೆ ಎಲ್ಲವನ್ನೂ ಉಳಿಸಿಕೊಳ್ಳಬೇಕು ಎನ್ನುವುದು ಇದೇ ಕಾರಣಕ್ಕೆ.

ಇಲ್ಲಿ ಸಮಯ ಬಹಳ ಮುಖ್ಯ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಕಳಿಸಿದವರು ಅದನ್ನು ಎಲ್ಲರ ಫೋನಿನಿಂದಲೂ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲಾವಕಾಶ ಇದೆ. ಗ್ರೂಪಿನ ಅಡ್ಮಿನ್‌ಗೆ ಬೇರೆಯವರ ಸಂದೇಶವನ್ನೂ ಅಳಿಸುವ ಅಧಿಕಾರವಿದೆ. ಕಳಿಸಿದ ಹದಿನೈದು ನಿಮಿಷದೊಳಗೆ ಸಂದೇಶವನ್ನು ತಿದ್ದಬಹುದು. ತಿದ್ದಿದ್ದಕ್ಕೆ ಗುರುತು ಬೀಳುತ್ತದೆ, ಆದರೆ ಮೊದಲು ಏನಿತ್ತೆಂದು ಕಾಣುವುದಿಲ್ಲ. ಸಂದೇಶಗಳು ತಾವಾಗಿಯೇ ಮಾಯವಾಗುವ ಸೆಟ್ಟಿಂಗ್ ಕೂಡ ಇದೆ. ಅದರಲ್ಲಿ 24 ಗಂಟೆ, 7 ದಿನ ಅಥವಾ 90 ದಿನ ಎಂಬ ಆಯ್ಕೆಗಳಿವೆ. ಅದನ್ನು ಹಾಕಿದಾಗ ಹಳೆಯ ಸಂದೇಶಗಳಿಗೆ ಏನೂ ಆಗುವುದಿಲ್ಲ, ಹಾಕಿದ ನಂತರ ಬಂದವು ಮಾತ್ರ ಹೋಗುತ್ತವೆ. ಯಾರು ಹಾಕಿದರು ಎಂಬ ಸಾಲು ಚಾಟಿನಲ್ಲೇ ಬೀಳುತ್ತದೆ. ದೂರಿನ ಮಾತು ಎದ್ದ ಮರುದಿನವೇ ಅಡ್ಮಿನ್ ಈ ಸೆಟ್ಟಿಂಗ್ ಹಾಕಿದ್ದರೆ ಆ ಸಾಲೂ ಪುರಾವೆಯೇ. ಸ್ಟಾರ್ ಹಾಕಿಟ್ಟರೆ ಸಂದೇಶ ಉಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕಳಿಸಿದವರು ಅಳಿಸಿದರೆ ಸ್ಟಾರ್ ಹಾಕಿದ್ದೂ ಹೋಗುತ್ತದೆ.

ಆದ್ದರಿಂದ ಅವಮಾನದ ಸಾಲು ಕಣ್ಣಿಗೆ ಬಿದ್ದ ಕೂಡಲೇ ಉತ್ತರ ಬರೆಯಲು ಹೋಗಬೇಡಿ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ. ಇಂಟರ್‌ನೆಟ್ ಇಲ್ಲದಿರುವಾಗ ಅವರು ಅಲ್ಲಿ ಅಳಿಸಿದರೂ ನಿಮ್ಮ ಫೋನಿಗೆ ಆ ಅಪ್ಪಣೆ ತಲುಪುವುದಿಲ್ಲ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಒಂದು ವೇಳೆ ಅಷ್ಟರಲ್ಲೇ ಅಳಿಸಿಹೋಗಿದ್ದರೆ ಎರಡು ಕಡೆ ಹುಡುಕಬಹುದು. ಆ ಸಾಲನ್ನು ಎತ್ತಿಕೊಂಡು ಯಾರಾದರೂ ರಿಪ್ಲೈ ಮಾಡಿದ್ದರೆ, ಮೂಲ ಹೋದರೂ ರಿಪ್ಲೈ ಮೇಲಿನ ಚಿಕ್ಕ ಚೌಕದಲ್ಲಿ ಅದರ ಪಠ್ಯ ಸಾಮಾನ್ಯವಾಗಿ ಉಳಿದಿರುತ್ತದೆ. ಆಂಡ್ರಾಯ್ಡ್ 11 ಮತ್ತು ಅದರ ನಂತರದ ಫೋನುಗಳಲ್ಲಿ Notification history ಎಂಬ ಸೌಲಭ್ಯವಿದೆ. ಮೊದಲೇ ಆನ್ ಮಾಡಿಟ್ಟಿದ್ದರೆ ಹಿಂದಿನ 24 ಗಂಟೆಯಲ್ಲಿ ಬಂದ ನೋಟಿಫಿಕೇಶನ್‌ಗಳ ಪಠ್ಯ ಅಲ್ಲಿ ಸಿಗುತ್ತದೆ. ಇಂಥ ಗ್ರೂಪಿನಲ್ಲಿ ಇರುವವರು ಅದನ್ನು ಇವತ್ತೇ ಆನ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಗ್ರೂಪಿನಿಂದ ತೆಗೆದುಹಾಕಿದ ಮೇಲೆ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಕಿಲ್ಲ. ತೆಗೆದುಹಾಕಿದ ಕ್ಷಣದವರೆಗಿನ ಮಾತುಕತೆ ನಿಮ್ಮ ಫೋನಿನಲ್ಲಿ ಹಾಗೇ ಇರುತ್ತದೆ. ಹೊಸದು ಬರುವುದಿಲ್ಲ, ನೀವು ಬರೆಯಲಾಗುವುದಿಲ್ಲ, ಅಷ್ಟೇ. ಈ ಹಂತದಲ್ಲಿ ಆ ಗ್ರೂಪನ್ನು ಡಿಲೀಟ್ ಮಾಡಬಾರದು, ವಾಟ್ಸ್‌ಆ್ಯಪ್ ತೆಗೆದು ಮತ್ತೆ ಹಾಕಬಾರದು, ಹೊಸ ಫೋನಿಗೆ ಬದಲಾಯಿಸಲೂ ಬಾರದು. ಫೋನು ಕಂಪನಿ ಕೊಟ್ಟದ್ದಾಗಿದ್ದರೆ ಅವಸರ ಇನ್ನೂ ಹೆಚ್ಚು, ಏಕೆಂದರೆ ಅದನ್ನು ಯಾವ ದಿನ ಬೇಕಾದರೂ ವಾಪಸ್ ಕೇಳಬಹುದು.

ಮೊದಲ ಕೆಲಸ ಚಾಟನ್ನು ಪೂರ್ತಿಯಾಗಿ ಹೊರತೆಗೆಯುವುದು. ಆಂಡ್ರಾಯ್ಡ್‌ನಲ್ಲಿ ಗ್ರೂಪ್ ತೆರೆದು, ಮೇಲಿನ ಮೂರು ಚುಕ್ಕೆ ಒತ್ತಿ, More ಒಳಗೆ Export chat ಆರಿಸಬೇಕು. ಐಫೋನಿನಲ್ಲಿ ಗ್ರೂಪಿನ ಹೆಸರನ್ನು ಮುಟ್ಟಿ ಕೆಳಗೆ ಹೋದರೆ ಅದೇ ಆಯ್ಕೆ ಸಿಗುತ್ತದೆ. ಫೋಟೊ, ಧ್ವನಿ ಸಂದೇಶಗಳನ್ನು ಸೇರಿಸಬೇಕೇ ಎಂದು ಅದು ಕೇಳುತ್ತದೆ. ಎರಡು ಸಲ ಮಾಡಿ, ಒಮ್ಮೆ ಸೇರಿಸಿ, ಒಮ್ಮೆ ಸೇರಿಸದೆ. ವಾಟ್ಸ್‌ಆ್ಯಪ್ ಹೇಳುವ ಮಿತಿ ಹೀಗಿದೆ: ಮೀಡಿಯಾ ಸೇರಿಸಿದರೆ ಇತ್ತೀಚಿನ 10,000 ಸಂದೇಶ, ಸೇರಿಸದಿದ್ದರೆ 40,000. ದಿನಕ್ಕೆ ಇನ್ನೂರು ಸಂದೇಶ ಬೀಳುವ ಗ್ರೂಪಾದರೆ ಮೀಡಿಯಾ ಸಹಿತದ ಪ್ರತಿಯಲ್ಲಿ ಐವತ್ತು ದಿನಗಳಷ್ಟೇ ಹಿಡಿಸುತ್ತವೆ. ನಮ್ಮ ಸೂಪರ್‌ವೈಸರ್ ಕಥೆ ಮೂವತ್ತಾರು ದಿನದ್ದು, ಕೂಡಲೇ ಮಾಡಿದರೆ ಎಲ್ಲವೂ ಸಿಗುತ್ತದೆ. ಸ್ಟಿಕರ್‌ಗಳೂ ಧ್ವನಿ ಸಂದೇಶಗಳೂ ಮೀಡಿಯಾ ಸಹಿತದ ಪ್ರತಿಯಲ್ಲಿ ಪ್ರತ್ಯೇಕ ಕಡತಗಳಾಗಿ ಬರುತ್ತವೆ. ಆದರೆ ಫೋನಿಗೆ ಡೌನ್‌ಲೋಡ್ ಆಗಿರದ ಫೋಟೊ ಅದರಲ್ಲಿ ಬರುವುದಿಲ್ಲ. ಆದ್ದರಿಂದ ಮೊದಲು ಮೇಲಕ್ಕೆ ಹೋಗಿ ಮಸುಕಾಗಿ ಕಾಣುವ ಫೋಟೊ, ವೀಡಿಯೊಗಳನ್ನೆಲ್ಲ ಮುಟ್ಟಿ ಇಳಿಸಿಕೊಳ್ಳಬೇಕು. ಹೊರತೆಗೆದದ್ದನ್ನು ಆಫೀಸ್ ಮೇಲಿಗೆ ಕಳಿಸಬೇಡಿ. ಆ ಖಾತೆಯನ್ನು ಅವರು ಯಾವಾಗ ಬೇಕಾದರೂ ಮುಚ್ಚಬಹುದು.

ಒಂದು ಅಡ್ಡಿ ಬರಬಹುದು. 2025ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ Advanced chat privacy ಎಂಬ ಸೆಟ್ಟಿಂಗ್ ತಂದಿತು. ಗ್ರೂಪಿನಲ್ಲಿ ಅದನ್ನು ಹಾಕಿದ್ದರೆ ಚಾಟನ್ನು ಹೊರತೆಗೆಯಲು ಬಿಡುವುದಿಲ್ಲ. ಅಂಥ ಕಡೆ ಸ್ಕ್ರೀನ್‌ಶಾಟ್ ಮತ್ತು ಸ್ಕ್ರೀನ್ ರೆಕಾರ್ಡಿಂಗ್ ಮೇಲೆಯೇ ನಿಲ್ಲಬೇಕು. ಒಮ್ಮೆ ಮಾತ್ರ ನೋಡಬಹುದಾದ ಫೋಟೊಗಳಿಗೆ ಸ್ಕ್ರೀನ್‌ಶಾಟ್ ಕೂಡ ಬರುವುದಿಲ್ಲ. ಅದನ್ನು ತೆರೆಯುವ ಮೊದಲೇ ಇನ್ನೊಂದು ಫೋನನ್ನು ಕೈಯಲ್ಲಿ ಹಿಡಿದು ಸಿದ್ಧವಾಗಿರಬೇಕು.

ಚಾಟ್ ಹೊರಗೆ ಬಂದರೆ ಎಲ್ಲ ಬಂದಂತಲ್ಲ. ಆ ಪಠ್ಯದ ಕಡತದಲ್ಲಿ ಇಮೋಜಿ ರಿಯಾಕ್ಷನ್‌ಗಳು ಇರುವುದಿಲ್ಲ. ಯಾವ ಸಂದೇಶಕ್ಕೆ ಯಾರು ರಿಪ್ಲೈ ಮಾಡಿದರು ಎಂಬ ಕೊಂಡಿಯೂ ಇರುವುದಿಲ್ಲ. ಅವಮಾನದ ಅರ್ಧ ಬಲ ಇರುವುದೇ ಈ ಎರಡರಲ್ಲಿ. ಮ್ಯಾನೇಜರ್ ಒಂದು ಮಾತು ಹೇಳಿದಾಗ ಆರು ಜನ ನಕ್ಕರು ಎಂಬುದು ಪಠ್ಯದಲ್ಲಿ ಕಾಣುವುದಿಲ್ಲ. ‘ಟ್ರಾನ್ಸ್‌ಲೇಟ್ ಮಾಡ್ರಪ್ಪಾ’ ಎಂಬುದು ಸೂಪರ್‌ವೈಸರ್‌ನ ಸಾಲನ್ನೇ ಎತ್ತಿಕೊಂಡು ಹೇಳಿದ್ದು ಎಂದೂ ಗೊತ್ತಾಗುವುದಿಲ್ಲ. ನಡುವೆ ಬೇರೆ ಯಾರೋ ಲಾರಿ ನಂಬರ್ ಹಾಕಿದ್ದರೆ, ಆ ಮಾತು ಆ ನಂಬರಿಗೆ ಹೇಳಿದ್ದೆಂದು ವಾದಿಸಲೂ ಬಹುದು.

ಈ ಕೊರತೆ ತುಂಬಲು ಸ್ಕ್ರೀನ್‌ಶಾಟ್ ಬೇಕು, ಅದೂ ಕ್ರಮವಾಗಿ. ಮೇಲ್ಭಾಗದಲ್ಲಿ ಗ್ರೂಪಿನ ಹೆಸರು, ನಡುವೆ ಸಂದೇಶ, ಪ್ರತಿ ಸಂದೇಶದ ಸಮಯ ಕಾಣಬೇಕು. ದಿನ ಬದಲಾಗುವ ಕಡೆ ಬರುವ ತಾರೀಕಿನ ಪಟ್ಟಿಯೂ ಬೀಳಬೇಕು. ಒಂದು ಚಿತ್ರದ ಕೊನೆಯ ಸಂದೇಶವೇ ಮುಂದಿನ ಚಿತ್ರದ ಮೊದಲ ಸಂದೇಶವಾಗಿರಲಿ. ಆಗ ನಡುವೆ ಏನನ್ನೂ ಬಿಟ್ಟಿಲ್ಲ ಎಂಬುದು ಚಿತ್ರಗಳಿಂದಲೇ ಸಿದ್ಧವಾಗುತ್ತದೆ. ರಿಯಾಕ್ಷನ್ ಮೇಲೆ ಮುಟ್ಟಿದರೆ ಒತ್ತಿದವರ ಹೆಸರುಗಳ ಪಟ್ಟಿ ತೆರೆದುಕೊಳ್ಳುತ್ತದೆ, ಅದರದ್ದೂ ಒಂದು ಚಿತ್ರ ತೆಗೆಯಿರಿ. ಇಷ್ಟಾದ ಮೇಲೆ ಸ್ಕ್ರೀನ್ ರೆಕಾರ್ಡಿಂಗ್ ಹಾಕಿ ವಾಟ್ಸ್‌ಆ್ಯಪ್ ತೆರೆಯುವುದರಿಂದ ಶುರುಮಾಡಿ, ಗ್ರೂಪಿನ ಮಾಹಿತಿ ಪುಟ ತೋರಿಸಿ, ಮೊದಲ ಘಟನೆಯಿಂದ ಕೊನೆಯವರೆಗೆ ನಿಧಾನವಾಗಿ ಇಳಿಯುತ್ತ ಬಂದರೆ ಚಿತ್ರಗಳನ್ನು ಜೋಡಿಸಿ ಸೃಷ್ಟಿಸಿದ್ದು ಎಂಬ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ.

ಹೆಸರಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹೊರತೆಗೆದ ಪಠ್ಯದಲ್ಲಿ ಬರುವುದು ನಿಮ್ಮ ಫೋನಿನಲ್ಲಿ ನೀವು ಸೇವ್ ಮಾಡಿಕೊಂಡ ಹೆಸರು. ಮ್ಯಾನೇಜರ್ ನಂಬರನ್ನು ಸಿಟ್ಟಿನಲ್ಲಿ ಯಾವುದೋ ಬೈಗುಳದ ಹೆಸರಲ್ಲಿ ಸೇವ್ ಮಾಡಿದ್ದರೆ ಆ ಬೈಗುಳವೇ ಪ್ರತಿ ಸಾಲಿನಲ್ಲೂ ಅಚ್ಚಾಗುತ್ತದೆ. ‘ಸರ್’ ಎಂದಷ್ಟೇ ಇದ್ದರೆ ಯಾವ ಸರ್ ಎಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ಸಂಬಂಧಪಟ್ಟ ಪ್ರತಿಯೊಬ್ಬರ ಕಾಂಟ್ಯಾಕ್ಟ್ ಪುಟ ತೆರೆದು ಹೆಸರು, ನಂಬರು ಎರಡೂ ಕಾಣುವಂತೆ ಚಿತ್ರ ತೆಗೆದಿಡಬೇಕು. ಗ್ರೂಪನ್ನು ಯಾರು, ಯಾವತ್ತು ಶುರುಮಾಡಿದರು, ಅಡ್ಮಿನ್‌ಗಳು ಯಾರು ಎಂಬುದು ಗ್ರೂಪಿನ ಮಾಹಿತಿ ಪುಟದಲ್ಲಿ ಇರುತ್ತದೆ. ತಾರೀಕು ಕೂಡ ಗೊಂದಲ ಮಾಡಬಹುದು. ಮೇಲೆ ಕೊಟ್ಟ ಸಾಲುಗಳಲ್ಲಿ 08/07/25 ಎಂದಿರುವುದು ಜುಲೈ 8, ಆದರೆ ಫೋನಿನ ಭಾಷೆ ಅಮೆರಿಕದ ಇಂಗ್ಲಿಷ್ ಆಗಿದ್ದರೆ ಅದೇ ಬರಹ ಆಗಸ್ಟ್ 7 ಆಗುತ್ತದೆ. ಫೋನಿನಲ್ಲಿ ಯಾವ ಕ್ರಮ ಇದೆ ಎಂದು ಒಂದು ಸಾಲು ಬರೆದಿಟ್ಟುಕೊಂಡರೆ ಸಾಕು.

ಉಳಿಸಿದ್ದನ್ನು ಬದಲಾಯಿಸಿಲ್ಲ ಎಂದು ತೋರಿಸುವುದು ಮುಂದಿನ ಮಾತು. ಪ್ರತಿ ಕಡತಕ್ಕೂ ಹ್ಯಾಶ್ ಎಂಬ ಗುರುತಿನ ಸಂಖ್ಯೆ ತೆಗೆಯಬಹುದು. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಕಡತ ಇರುವ ಫೋಲ್ಡರಿನಿಂದ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಬೇಕು, ಕಡತದ ಹೆಸರು ನಿಮ್ಮದು ಹಾಕಿಕೊಳ್ಳಿ:

```
certutil -hashfile chat.zip SHA256
```

ಅರುವತ್ತನಾಲ್ಕು ಅಕ್ಷರ ಮತ್ತು ಅಂಕಿಗಳ ಒಂದು ಸಾಲು ಬರುತ್ತದೆ. ಅದನ್ನು ಆ ದಿನವೇ ನಿಮ್ಮ ಸ್ವಂತ ಮೇಲಿಗೆ ಕಳಿಸಿಕೊಂಡರೆ, ಆ ತಾರೀಕಿಗೆ ಕಡತ ಹೀಗೇ ಇತ್ತು ಎಂಬುದಕ್ಕೆ ದಾಖಲೆಯಾಯಿತು. ಮೂಲ ಕಡತವನ್ನು ಮತ್ತೆ ತೆರೆದು ಸೇವ್ ಮಾಡಬೇಡಿ. ಓದಲು, ಗುರುತು ಹಾಕಲು ಬೇರೆ ಪ್ರತಿ ಮಾಡಿಕೊಳ್ಳಿ. ಗ್ರೂಪಿನಲ್ಲಿ ಗಿರಾಕಿಗಳ ಹೆಸರು, ದರ, ಇತರ ಸಹೋದ್ಯೋಗಿಗಳ ಮನೆಯ ವಿಷಯ ಕೂಡ ಇರುತ್ತದೆ. ಹೊರಗೆ ತೋರಿಸುವ ಪ್ರತಿಯಲ್ಲಿ ಅವುಗಳನ್ನು ಮುಚ್ಚಬಹುದು, ಮುಚ್ಚಿದ್ದೇವೆಂದು ಬರೆದು ತಿಳಿಸಬೇಕು. ಮೂಲದಲ್ಲಿ ಏನನ್ನೂ ಮುಚ್ಚುವಂತಿಲ್ಲ. ಚಾಟನ್ನು ಫೇಸ್‌ಬುಕ್‌ಗೆ ಹಾಕುವುದಂತೂ ಬೇಡವೇ ಬೇಡ. ಗಿರಾಕಿಗಳ ಮಾಹಿತಿ ಹೊರಹಾಕಿದರು ಎಂದು ನಿಮ್ಮ ಮೇಲೆಯೇ ಕ್ರಮ ಜರುಗಿಸಲು ಅದು ದಾರಿ ಮಾಡಿಕೊಡುತ್ತದೆ.

ಇಷ್ಟೆಲ್ಲ ಯಾಕೆ ಬೇಕು ಎಂದರೆ, ವಿಷಯ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲ ದಿನ ಹೇಳಲಾಗುವುದಿಲ್ಲ. ಕಂಪನಿಯ ಒಳಗಿನ ವಿಚಾರಣೆಯಲ್ಲಿ ಕೋರ್ಟಿನಷ್ಟು ಕಟ್ಟುನಿಟ್ಟಿನ ಸಾಕ್ಷ್ಯದ ನಿಯಮಗಳಿಲ್ಲ. ಸ್ಪಷ್ಟ ಪ್ರಿಂಟ್ ಮತ್ತು ಫೋನು ತೋರಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ಕೋರ್ಟಿಗೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅನ್ವಯವಾಗುತ್ತದೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಕೊಡುವಾಗ ಅದರೊಂದಿಗೆ ಪ್ರಮಾಣಪತ್ರ ಬೇಕು. ಅದರ ಮೊದಲ ಭಾಗವನ್ನು ದಾಖಲೆ ಕೊಡುವವರು, ಎರಡನೆಯದನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಶ್ ಸಂಖ್ಯೆಗೆ ಜಾಗವಿದೆ. ಹಳೆಯ ಕಾನೂನಿನ 65ಬಿ ಸೆಕ್ಷನ್ ಕುರಿತು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಮಾಣಪತ್ರ ಕಡ್ಡಾಯವೆಂದಿತು. ಸಾಧನದ ಮಾಲೀಕರೇ ಬಂದು ಮೂಲ ಸಾಧನವನ್ನೇ ಹಾಜರುಪಡಿಸಿದರೆ ಅದು ಬೇಕಿಲ್ಲ ಎಂದೂ ಹೇಳಿತು. ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ ಎಂದು ವಕೀಲರು ಹೇಳುವುದು ಇದಕ್ಕೇ.

ತೆಗೆದುಹಾಕಿದ ಮೇಲೆ ಗ್ರೂಪಿನಲ್ಲಿ ನಡೆದದ್ದು ನಿಮ್ಮ ಫೋನಿನಲ್ಲಿ ಇಲ್ಲ. ನಮ್ಮ ಉದಾಹರಣೆಯಲ್ಲಿ ಮೆಮೊಗೆ ಕಾರಣವಾದ ಶಿಫ್ಟ್ ಪಟ್ಟಿ ಇರುವುದೇ ಅಲ್ಲಿ. ಸಹೋದ್ಯೋಗಿಯ ಫೋನನ್ನು ಅವರಿಗೆ ತಿಳಿಯದಂತೆ ತೆರೆದು ನೋಡುವುದು, ಅವರ ವಾಟ್ಸ್‌ಆ್ಯಪನ್ನು ಕಂಪ್ಯೂಟರಿಗೆ ಜೋಡಿಸಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ತಪ್ಪು. ಗ್ರೂಪಿನಲ್ಲಿ ಉಳಿದಿರುವ ಒಬ್ಬರು ಒಪ್ಪಿದರೆ ಅವರೇ ತಮ್ಮ ಫೋನಿನಿಂದ ಅದೇ ಅವಧಿಯ ಚಾಟನ್ನು ಹೊರತೆಗೆದು ಕೊಡಬಹುದು. ಆಗ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವರೂ ಅವರೇ ಆಗುತ್ತಾರೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಯಾರೂ ಒಪ್ಪದಿದ್ದರೆ ಇನ್ನೊಂದು ದಾರಿ ಇದೆ, ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಗಟ್ಟಿ. ತೆಗೆದುಹಾಕಿದ ಮರುದಿನವೇ ಮ್ಯಾನೇಜರ್‌ಗೂ ಎಚ್‌ಆರ್ ವಿಭಾಗಕ್ಕೂ ಒಂದೇ ಮೇಲ್ ಕಳಿಸಬೇಕು. ಅದರಲ್ಲಿ ಆರೋಪದ ಮಾತು ಬೇಡ, ಹೀಗೆ ಬರೆದರೆ ಸಾಕು:

‘ಜುಲೈ 8ರ ರಾತ್ರಿ 9:42ಕ್ಕೆ ನನ್ನನ್ನು ಗೋದಾಮಿನ ವಾಟ್ಸ್‌ಆ್ಯಪ್ ಗ್ರೂಪಿನಿಂದ ತೆಗೆಯಲಾಗಿದೆ. ಶಿಫ್ಟ್ ಮತ್ತು ಗಾಡಿಗಳ ಮಾಹಿತಿ ಆ ಗ್ರೂಪಿನಲ್ಲಷ್ಟೇ ಬರುತ್ತಿತ್ತು. ಇನ್ನು ಮುಂದೆ ನನಗೆ ಈ ಮಾಹಿತಿ ಯಾವ ರೀತಿ ಸಿಗುತ್ತದೆ ಎಂದು ದಯವಿಟ್ಟು ತಿಳಿಸಿ. ಜೂನ್ 3ರಿಂದ ಇಂದಿನವರೆಗಿನ ಆ ಗ್ರೂಪಿನ ಸಂದೇಶಗಳನ್ನು ಅಳಿಸದೆ ಉಳಿಸಬೇಕೆಂದು ಕೋರುತ್ತೇನೆ.’

ಈ ಮೇಲ್ ಹೋದ ನಂತರ ‘ತಿಳಿಸಿದರೂ ಹಾಜರಾಗಿಲ್ಲ’ ಎಂಬ ಮಾತು ನಿಲ್ಲುವುದು ಕಷ್ಟ. ಉಳಿಸಿ ಎಂದು ಕೇಳಿದ ಮೇಲೆಯೂ ಸಂದೇಶಗಳು ಅಳಿಸಿಹೋದರೆ ಅದರ ವಿವರಣೆ ಕೊಡಬೇಕಾದವರು ಅವರೇ ಆಗುತ್ತಾರೆ. ಉತ್ತರ ಬಾರದಿದ್ದರೆ ಆ ಮೌನವೂ ತಾರೀಕಿನ ಸಮೇತ ದಾಖಲಾಗಿರುತ್ತದೆ.

ದೂರು ಕೊಡುವಾಗ ನೂರಾರು ಪುಟಗಳ ಚಾಟನ್ನು ಹಾಗೇ ಒಪ್ಪಿಸಿದರೆ ಯಾರೂ ಓದುವುದಿಲ್ಲ. ಒಂದು ಪುಟದ ದಿನಚರಿ ಮಾಡಿ ಮೇಲಿಡಿ. ಜೂನ್ 3, ಬೆಳಿಗ್ಗೆ 10:14: ಮಾತಿನ ಶೈಲಿಯ ಗೇಲಿ, ಆರು ಜನರ ರಿಯಾಕ್ಷನ್, ಚಿತ್ರ 4 ಮತ್ತು 5. ಜೂನ್ 11: ಸ್ಟಿಕರ್ ಮೊದಲ ಸಲ, ಚಿತ್ರ 9. ಜುಲೈ 8: ಶಿಫ್ಟ್ ಪ್ರಶ್ನೆ, ಅಳಿಸಿದ ಸಂದೇಶ, ನನ್ನ ಉತ್ತರ, ತೆಗೆದುಹಾಕಿದ್ದು, ಚಿತ್ರ 22ರಿಂದ 25. ಜುಲೈ 9: ಮೆಮೊ. ಪ್ರತಿ ಸಾಲೂ ಒಂದು ಚಿತ್ರಕ್ಕೆ, ಆ ಚಿತ್ರ ಪೂರ್ತಿ ಚಾಟಿನ ಒಂದು ಜಾಗಕ್ಕೆ ಕೊಂಡೊಯ್ಯುವಂತಿರಬೇಕು. ಅಳಿಸಿದ ಸಾಲಿನಲ್ಲಿ ಏನಿತ್ತೆಂಬ ನಿಮ್ಮ ನೆನಪನ್ನು ಆ ರಾತ್ರಿಯೇ ಬರೆದಿಡಿ, ‘ನನ್ನ ನೆನಪಿನಂತೆ’ ಎಂದು ಸ್ಪಷ್ಟವಾಗಿ ಸೂಚಿಸಿ. ನೆನಪನ್ನು ದಾಖಲೆಯ ಜೊತೆ ಬೆರೆಸಿದರೆ ದಾಖಲೆಯೂ ದುರ್ಬಲವಾಗುತ್ತದೆ.

ಕಾನೂನು ಎಷ್ಟು ದೂರ ಬರುತ್ತದೆ ಎಂಬುದನ್ನೂ ತಿಳಿದಿರಬೇಕು. ಒಬ್ಬರ ಮಾತಿನ ಶೈಲಿಯನ್ನು ಗೇಲಿ ಮಾಡುವುದು ತನ್ನಷ್ಟಕ್ಕೆ ಪೊಲೀಸ್ ಠಾಣೆಯ ಪ್ರಕರಣವಾಗುವುದು ಕಷ್ಟ. ಆನ್‌ಲೈನ್‌ನಲ್ಲಿ ನೋಯಿಸುವ ಸಂದೇಶ ಕಳಿಸಿದ್ದಕ್ಕೆ ಹಿಂದೆ ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದುಮಾಡಿದೆ. ಇಂಥದ್ದಕ್ಕೆ ಕಂಪನಿಯ ನಡತೆಯ ನಿಯಮ ಮತ್ತು ಎಚ್‌ಆರ್ ದೂರೇ ಮೊದಲ ದಾರಿ. ಗೇಲಿ ಲೈಂಗಿಕ ಸ್ವರೂಪದ್ದಾಗಿದ್ದು ನೊಂದವರು ಮಹಿಳೆಯಾಗಿದ್ದರೆ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ದೂರು ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಅದಕ್ಕೆ ಕೊನೆಯ ಘಟನೆಯಿಂದ ಮೂರು ತಿಂಗಳ ಗಡುವು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಕೊನೆಯ ಘಟನೆ ಯಾವತ್ತಿನದು ಎಂದು ತೋರಿಸಲೂ ಪೂರ್ತಿ ಚಾಟೇ ಬೇಕು.

ಗ್ರೂಪಿನ ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿರುವುದನ್ನು ಇಂಥ ಮ್ಯಾನೇಜರ್‌ಗಳು ಗುರಾಣಿಯಾಗಿ ಹಿಡಿಯುವುದುಂಟು. ಆ ತೀರ್ಪುಗಳು ಬೇರೆಯವರ ಸಂದೇಶಕ್ಕೆ ಸಂಬಂಧಿಸಿದವು. ತಾನೇ ಬರೆದ ಸಾಲಿಗೆ, ತಾನೇ ಹಾಕಿದ ಸ್ಟಿಕರ್‌ಗೆ, ತಾನೇ ತೆಗೆದುಹಾಕಿದ್ದಕ್ಕೆ ಅಡ್ಮಿನ್ ಬೇರೆ ಎಲ್ಲರಷ್ಟೇ ಹೊಣೆ.

ಶಿಫ್ಟ್ ಪಟ್ಟಿಯನ್ನು ಒಬ್ಬ ಮ್ಯಾನೇಜರ್‌ನ ಬೆರಳ ತುದಿಯಲ್ಲಿರುವ ಗ್ರೂಪಿನಲ್ಲಿ ಮಾತ್ರ ಹಾಕುವ ಕಂಪನಿ ತನ್ನ ನೌಕರನ ಹೊಟ್ಟೆಪಾಡನ್ನೇ ಆ ಮ್ಯಾನೇಜರ್‌ನ ಮರ್ಜಿಗೆ ಬಿಟ್ಟಿದೆ. ಆ ಪಟ್ಟಿ ನೋಟಿಸ್ ಬೋರ್ಡಿನಲ್ಲೂ ಇರಲೇಬೇಕು. ಇನ್ನು ಆ ಹತ್ತೊಂಬತ್ತು ಜನರಲ್ಲಿ ನಗುವ ಇಮೋಜಿ ಒತ್ತದೆ ಸುಮ್ಮನೆ ಓದುತ್ತಿರುವವರಿಗೆ ಒಂದು ಮಾತು: ನಿಮ್ಮ ಫೋನಿನಲ್ಲಿ ಇರುವುದು ಹೊರಗೆ ಹಾಕಿದವರ ಫೋನಿನಲ್ಲಿ ಇಲ್ಲ. ಆ ಗ್ರೂಪಿನ ಚಾಟನ್ನು ಇವತ್ತು ಸಂಜೆಯೇ ಹೊರತೆಗೆದು ಇಟ್ಟುಕೊಳ್ಳಿ, ಅವರು ಕೇಳಿದ ದಿನ ಕೊಡಿ.